ಅವಿಭಕ್ತ ಕುಟುಂಬದ ಯಜಮಾನನು ಜಮೀನು ಮಾರುವ ಅಧಿಕಾರವೂ ಅದರ ಮೇರೆಯೂ

ಸಾಗರ ತಾಲ್ಲೂಕಿನ ಕಾರ್ಗಲ್ ಸುತ್ತಿನ ಗ್ರಾಮಗಳಲ್ಲಿ ಅಡಿಕೆಯ ತೋಟವೂ ಅದಕ್ಕೆ ಸೇರಿದ ಗದ್ದೆಯೂ ಅನೇಕ ವೇಳೆ ಮನೆಯ ಹಿರಿಯನೊಬ್ಬನ ಹೆಸರಿನ ಖಾತೆಯಲ್ಲಿರುವುವು. ಅವುಗಳ ಉತ್ಪನ್ನವನ್ನು ಅನುಭವಿಸುವವರು ಮಾತ್ರ ಮನೆಮಂದಿಯೆಲ್ಲರೂ ಆಗಿರುವರು. ಕಷ್ಟ ಬಂದಾಗ ಆ ಹಿರಿಯನೇ ಕ್ರಯಪತ್ರಕ್ಕೆ ರುಜು ಹಾಕುವನು. ಕೊಂಡವನು ಪಹಣಿಯಲ್ಲಿ ಒಂದೇ ಹೆಸರಿರುವುದನ್ನು ನೋಡಿ, ಹಣವನ್ನು ಎಣಿಸಿ ಕೊಟ್ಟು, ನೋಂದಣಿ ಮಾಡಿಸಿಕೊಂಡು, ತೋಟದಲ್ಲಿ ಹೊಸ ಗಿಡಗಳನ್ನು ಹಾಕಿಸುವನು. ಗಿಡಗಳು ಫಲಕ್ಕೆ ಬರುವ ಕಾಲಕ್ಕೆ ಮಾರಿದವನ ಮಗನೋ ಮಗಳೋ ನ್ಯಾಯಾಲಯದಲ್ಲಿ ದಾವೆ ಹೂಡುವರು. ಆಗ ನ್ಯಾಯಾಧೀಶರು ಕೊಂಡವನನ್ನು ಮೊದಲು ಕೇಳುವುದು ಹಣ ಕೊಟ್ಟೆಯೋ ಇಲ್ಲವೋ ಎಂಬುದನ್ನಲ್ಲ; ಕುಟುಂಬಕ್ಕೆ ಆ ಹಣದ ಅವಶ್ಯಕತೆಯಿತ್ತೆಂದು ನಿನಗೆ ಹೇಗೆ ತಿಳಿಯಿತು ಎಂಬುದನ್ನು. ಈ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಹೋದುದರಿಂದ ಸರಿಯಾದ ಬೆಲೆ ಕೊಟ್ಟವರೂ ಜಮೀನನ್ನು ಕಳೆದುಕೊಳ್ಳುವುದುಂಟು.

ಮಾರತಕ್ಕ ಜಮೀನು ನಿಜವಾಗಿಯೂ ಅವಿಭಕ್ತ ಕುಟುಂಬದ ಸ್ವತ್ತೇ ಎಂಬುದನ್ನು ಮೊದಲು ನಿಷ್ಕರ್ಷೆ ಮಾಡಿಕೊಳ್ಳತಕ್ಕದ್ದು. ಪಹಣಿ ಮತ್ತು ಖಾತೆಗಳು ಕಂದಾಯ ವಸೂಲಿಗಾಗಿ ಏರ್ಪಟ್ಟ ದಾಖಲೆಗಳಾದುದರಿಂದ, ಅವುಗಳಲ್ಲಿ ಒಬ್ಬನ ಹೆಸರಿದ್ದ ಮಾತ್ರಕ್ಕೆ ಸ್ವತ್ತು ಅವನೊಬ್ಬನದಾಗುವುದಿಲ್ಲ. ಈ ಸೀಮೆಯಲ್ಲಿ ಇದಕ್ಕೆ ಎರಡು ವಿಶೇಷ ಕಾರಣಗಳುಂಟು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಅನೇಕ ಮನೆತನಗಳು ಹಿಡುವಳಿಯನ್ನು ಕಳೆದುಕೊಂಡುವು. ಪಿತ್ರಾರ್ಜಿತ ಜಮೀನಿಗೆ ಬಂದ ಪರಿಹಾರದ ಹಣವನ್ನು ಯಜಮಾನನು ತನ್ನ ರುಜುವಿನ ಮೇಲೆ ಪಡೆದಿದ್ದರೂ ಅದು ಕುಟುಂಬದ ಹಣವೇ. ಆ ಹಣದಿಂದ ಬೇರೆ ಕಡೆ ಕೊಂಡ ಜಮೀನು ಅವನ ಹೆಸರಿನಲ್ಲಿದ್ದರೂ ಕುಟುಂಬದ ಜಮೀನೇ. ಎರಡನೆಯದು ಗೇಣಿಯ ಜಮೀನು. ಭೂಸುಧಾರಣಾ ಕಾಯಿದೆಯ ಮೇರೆಗೆ 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದ ಗೇಣಿ ಜಮೀನುಗಳಿಗೆ ಭೂನ್ಯಾಯಮಂಡಳಿಯು ಅಧಿಭೋಗದ ಹಕ್ಕನ್ನು ಕೊಟ್ಟಾಗ, ಅರ್ಜಿಯನ್ನು ಮನೆಯ ಹಿರಿಯನೊಬ್ಬನೇ ಕೊಟ್ಟಿರುವುದು ಸಾಮಾನ್ಯ. ಗೇಣಿಯು ಕುಟುಂಬದ್ದಾಗಿದ್ದಲ್ಲಿ ಹಕ್ಕೂ ಕುಟುಂಬದ್ದೇ ಆಗುವುದು. ಪ್ರಸಂಗವಶಾತ್ ಹೇಳಬೇಕಾದುದೇನೆಂದರೆ, ತೋಟದ ಮೇಲಿನ ಸೊಪ್ಪಿನಬೆಟ್ಟವು ಯಾರ ಕುಟುಂಬದ ಸ್ವತ್ತೂ ಅಲ್ಲ. ಅದರ ಮೇಲಿರುವುದು ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಸವಲತ್ತು ಮಾತ್ರವಾದುದರಿಂದ, ಯಜಮಾನನಿಗೆ ಎಷ್ಟೇ ಅವಶ್ಯಕತೆಯಿದ್ದರೂ ಬೆಟ್ಟವನ್ನು ತನ್ನದೆಂದು ಮಾರಲಾಗದು.

ಇದಕ್ಕೆ ವಿರುದ್ಧವಾದ ತಪ್ಪು ತಿಳಿವಳಿಕೆಯೂ ಒಂದುಂಟು. ತಂದೆಯು ಸ್ವಂತ ದುಡಿಮೆಯಿಂದ ಕೊಂಡ ಜಮೀನನ್ನು, ಮರಣಶಾಸನ ಬರೆಯದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ನಂತರ ಬಿಟ್ಟು ಸತ್ತರೆ, ಅದು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮುಂತಾದ ವಾರಸುದಾರರಿಗೆ ಪ್ರತ್ಯೇಕ ಪಾಲುಗಳಾಗಿ ಬರುವುದು. ಅವರೆಲ್ಲರೂ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರೂ ಹಿರಿಯ ಮಗನು ಆ ಜಮೀನಿನ ಮಟ್ಟಿಗೆ ಕರ್ತನೆನಿಸುವುದಿಲ್ಲ. ತಮ್ಮನ ಪಾಲನ್ನಾಗಲಿ ತಂಗಿಯ ಪಾಲನ್ನಾಗಲಿ, ಎಂತಹ ಅವಶ್ಯಕತೆಯ ನೆವದಿಂದಲೂ, ಅವನು ಮಾರಲಾರನು. ಮುಂದೆ ಹೇಳುವುದೆಲ್ಲವೂ ಅಜ್ಜ ಮುತ್ತಜ್ಜಂದಿರಿಂದ ಬಂದು ಇನ್ನೂ ವಿಭಾಗವಾಗದಿರುವ ಸ್ವತ್ತಿಗೆ ಅನ್ವಯಿಸುವುದೆಂದು ತಿಳಿಯತಕ್ಕದ್ದು.

ಇಂತಹ ಸ್ವತ್ತಿನಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂಬ ನಿಯಮವು ಕನ್ನಡ ನಾಡಿಗೆ ಹೊರಗಿನಿಂದ ಬಂದುದಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನವೇ ಅದರ ಮೂಲ. ಎಲ್ಲರಿಗೂ ಹಕ್ಕಿರುವ ಸ್ಥಿರಸ್ವತ್ತನ್ನು ಒಬ್ಬನೇ ಪರಭಾರೆ ಮಾಡಕೂಡದೆಂದು ಹೇಳಿದ ಅದೇ ಗ್ರಂಥವು ಮೂರು ಸಂದರ್ಭಗಳಲ್ಲಿ ಅದಕ್ಕೆ ಅವಕಾಶವನ್ನಿತ್ತಿದೆ: ಆಪತ್ಕಾಲ, ಕುಟುಂಬಾರ್ಥ ಮತ್ತು ಧರ್ಮಾರ್ಥ. ಮನೆಯಲ್ಲಿ ಚಿಕ್ಕವರು ಇನ್ನೂ ಒಪ್ಪಿಗೆ ಕೊಡುವ ವಯಸ್ಸಿಗೆ ಬಂದಿಲ್ಲವೆಂಬ ಕಾರಣದಿಂದ ಇಡೀ ಕುಟುಂಬವೇ ಉಪವಾಸ ಬೀಳಬಾರದೆಂಬುದು ಇದರ ಅಭಿಪ್ರಾಯ.

ಈ ಹಳೆಯ ನಿಯಮಕ್ಕೆ ನ್ಯಾಯಾಲಯದಲ್ಲಿ ನಡೆಯತಕ್ಕ ರೂಪವನ್ನು ಕೊಟ್ಟದ್ದು ಹನುಮಾನ್ ಪ್ರಸಾದ್ ಪಾಂಡೆಯ ಪ್ರಕರಣದಲ್ಲಿ 1856ರಲ್ಲಿ ಪ್ರಿವಿ ಕೌನ್ಸಿಲ್ ಮಾಡಿದ ತೀರ್ಪು. ಅದು ಅಪ್ರಾಪ್ತ ವಯಸ್ಕನ ಸ್ವತ್ತನ್ನು ನೋಡಿಕೊಳ್ಳುತ್ತಿದ್ದವರು ಮಾಡಿದ ಅಡಮಾನಕ್ಕೆ ಸಂಬಂಧಪಟ್ಟುದಾದರೂ, ಅದರ ತತ್ತ್ವವನ್ನು ಕುಟುಂಬದ ಯಜಮಾನನಿಗೂ ಅನ್ವಯಿಸಿ ಇಂದಿನವರೆಗೂ ನಡೆಸಿಕೊಂಡು ಬಂದಿದ್ದಾರೆ. ಸ್ವತ್ತಿನ ಮೇಲೆ ಆಗ ಇದ್ದ ಒತ್ತಡವೇನು, ತಪ್ಪಿಸಬೇಕಾಗಿದ್ದ ಅಪಾಯವೇನು, ಅಥವಾ ಕುಟುಂಬಕ್ಕೆ ಆಗತಕ್ಕ ಪ್ರಯೋಜನವೇನು ಎಂಬುದನ್ನು ನೋಡಬೇಕು. ಹಣ ಕೊಡುವವನು ಈ ವಿಷಯದಲ್ಲಿ ತಕ್ಕ ವಿಚಾರಣೆಯನ್ನು ಮಾಡಲು ಬದ್ಧನು. ಪ್ರಾಮಾಣಿಕವಾಗಿ ವಿಚಾರಿಸಿ, ಅವಶ್ಯಕತೆಯಿದೆಯೆಂದು ನಂಬಲು ಸಾಕಷ್ಟು ಕಾರಣವನ್ನು ಕಂಡು ಅವನು ಹಣ ಕೊಟ್ಟನೆಂದಾದರೆ, ಆಮೇಲೆ ಯಜಮಾನನು ಆ ಹಣವನ್ನು ಹೇಗೆ ಖರ್ಚು ಮಾಡಿದನೆಂಬುದನ್ನು ಬೆನ್ನು ಹತ್ತಿ ನೋಡುವ ಹೊಣೆಯು ಅವನ ಮೇಲಿಲ್ಲ. ಆದರೆ ಅವಶ್ಯಕತೆಯನ್ನಾಗಲಿ, ತಾನು ವಿಚಾರಿಸಿದುದನ್ನಾಗಲಿ ರುಜುವಾತು ಮಾಡುವ ಭಾರವು ಕೊಂಡವನದೇ. ದಾವೆ ಹೂಡಿದ ಮಗನು ಅವಶ್ಯಕತೆ ಇರಲಿಲ್ಲವೆಂದು ತೋರಿಸಬೇಕಾಗಿಲ್ಲ.

ಹಾಗಾದರೆ ಅವಶ್ಯಕತೆಯೆಂದರೆ ಯಾವುದು? ಸರ್ಕಾರದ ಕಂದಾಯ, ಮನೆಮಂದಿಯ ಅನ್ನವಸ್ತ್ರ, ಔಷಧೋಪಚಾರ, ಮಕ್ಕಳ ವಿದ್ಯಾಭ್ಯಾಸ, ಮದುವೆ, ಉತ್ತರಕ್ರಿಯೆ, ಕುಟುಂಬಕ್ಕಾಗಿ ಮಾಡಿದ ಸಾಲದ ತೀರುವಳಿ, ಸ್ವತ್ತನ್ನು ಉಳಿಸಿಕೊಳ್ಳಲು ನಡೆಸಬೇಕಾದ ವ್ಯಾಜ್ಯ, ಇವೆಲ್ಲವೂ ಅದರಲ್ಲಿ ಸೇರಿವೆ. ಮಗಳ ಮದುವೆಗೆಂದು ಮಾಡಿದ ಸಾಲವನ್ನು ಮದುವೆ ಕಳೆದು ಕೆಲವು ವರ್ಷಗಳ ನಂತರ ಜಮೀನು ಮಾರಿ ತೀರಿಸಿದರೂ ಅದು ಅವಶ್ಯಕತೆಯೇ ಎಂಬ ತತ್ತ್ವವನ್ನು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಎತ್ತಿಹಿಡಿದಿದೆ. ಬೇಸಾಯದ ಖರ್ಚಿಗಾಗಿ ಮಾಡಿದ ಸಾಲವೂ ಹಾಗೆಯೇ. ಅಡಿಕೆಯ ಸೀಮೆಯಲ್ಲಿ ಇದರ ಅರ್ಥವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. 1910ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ಮೇಲೂ, ಮುಂಗಾರು ಹಿಡಿಯುವ ಮೊದಲು ಒಂದು ಸಾರಿಯೂ, 40-45 ದಿನಗಳ ತರುವಾಯ ಮತ್ತೊಂದು ಸಾರಿಯೂ ಕೊನೆಗಳಿಗೆ ಔಷಧಿ ಮುಟ್ಟದೆ ಹೋದರೆ ಕಾಯಿ ಉದುರಿ ಆ ವರ್ಷದ ಆದಾಯವೇ ಹೋಗುವುದು. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ ಇವುಗಳಿಗಾಗಿ ಪಡೆದ ಸಾಲದ ಚೀಟಿಗಳನ್ನು ಜನರು ಅಡಿಕೆ ಮಾರಿದೊಡನೆ ಹರಿದು ಬಿಸಾಡುವರು. ಅವು ಹತ್ತು ವರ್ಷಗಳ ಮೇಲೆ ನ್ಯಾಯಾಲಯದಲ್ಲಿ ಬಾಯಿಮಾತಿನ ಹತ್ತು ಸಾಕ್ಷಿಗಳಿಗಿಂತ ಹೆಚ್ಚು ಬೆಲೆಬಾಳತಕ್ಕವು.

ಅವಶ್ಯಕತೆಯಲ್ಲದೆ ಕುಟುಂಬದ ಪ್ರಯೋಜನಕ್ಕಾಗಿಯೂ ಮಾರಬಹುದೆಂಬುದು ನಿಜ. ಆದರೆ ಒಳ್ಳೆಯ ಬೆಲೆ ಬಂದಿತೆಂಬುದೊಂದೇ ಪ್ರಯೋಜನವೆನಿಸುವುದಿಲ್ಲ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ ಯಜಮಾನನು ಕುಟುಂಬದ ಜಮೀನನ್ನು ಮಾರುವುದಾಗಿ ಕರಾರು ಮಾಡಿಕೊಂಡಿದ್ದನು. ಕುಟುಂಬವು ಸ್ಥಿತಿವಂತವಾಗಿತ್ತು, ಸಾಲದ ಒತ್ತಡವಾಗಲಿ, ಆ ಜಮೀನನ್ನು ಇಟ್ಟುಕೊಳ್ಳುವುದರಿಂದ ನಷ್ಟವಾಗಲಿ ಇದ್ದಂತೆ ತೋರಲಿಲ್ಲ. ವಿವೇಕಿಯಾದ ಯಜಮಾನನು ಆಗಿನ ಸ್ಥಿತಿಯಲ್ಲಿ ಮಾಡತಕ್ಕ ಕೆಲಸ ಅದಲ್ಲವೆಂದು ಕಂಡು, ಕರಾರನ್ನು ನೆರವೇರಿಸುವಂತೆ ಆಜ್ಞೆ ಮಾಡಲು ನ್ಯಾಯಾಲಯವು ನಿರಾಕರಿಸಿತು. ದೂರದಲ್ಲಿ ಹರಿದು ಹಂಚಿಹೋಗಿರುವ ಬರಡು ತುಂಡನ್ನು ಮಾರಿ ಮನೆಯ ಪಕ್ಕದ ನೀರಾವರಿ ಜಮೀನನ್ನು ಕೊಳ್ಳುವುದು ಪ್ರಯೋಜನವೆನಿಸೀತು. ತೋಟವನ್ನು ಮಾರಿ ಅನುಭವವಿಲ್ಲದ ವ್ಯಾಪಾರಕ್ಕೆ ಹಣ ಹೂಡುವುದು, ಕೈಗೂಡಿದರೂ, ಹಾಗೆನಿಸುವುದು ಕಷ್ಟ.

ವಿಷಯವು ಸ್ಪಷ್ಟವಾಗುವಂತೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಕಾರ್ಗಲ್ ಸಮೀಪದ ಒಂದು ಮನೆಯಲ್ಲಿ ತಂದೆಯೇ ಯಜಮಾನನು. ಹಿರಿಯ ಮಗನು ಶಿವಮೊಗ್ಗದಲ್ಲಿ ನೌಕರಿಯಲ್ಲಿರುವನು. ಮಗಳನ್ನು ಸಿದ್ದಾಪುರಕ್ಕೆ ಕೊಟ್ಟಿದೆ. ಕಿರಿಯ ಮಗನಿಗೆ 11 ವರ್ಷ. ಪಿತ್ರಾರ್ಜಿತವಾಗಿ ಬಂದ 2 ಎಕರೆ ತೋಟವುಂಟು. 2015ರಲ್ಲಿ ತಂದೆಯು ಅದರಲ್ಲಿ 20 ಗುಂಟೆಯನ್ನು 8,00,000 ರೂಪಾಯಿಗಳಿಗೆ ನೆರೆಯವನಿಗೆ ಮಾರಿದನೆಂದು ಇಟ್ಟುಕೊಳ್ಳೋಣ. ಸಹಕಾರ ಸಂಘದ ಬೆಳೆಸಾಲವು ಬಡ್ಡಿ ಸೇರಿ 3,60,000 ರೂಪಾಯಿ. ಅದರ ವಸೂಲಿಗೆ ನೋಟೀಸು ಬಂದಿದೆ. ಯಜಮಾನನ ತಾಯಿಯ ಚಿಕಿತ್ಸೆಗಾಗಿ ಕೈಸಾಲ ಮಾಡಿದುದು 2,30,000. ಕಿರಿಯವನ ಶಾಲೆಯ ಫೀಸಿಗೂ ಮನೆಯ ಮಾಡಿನ ದುರಸ್ತಿಗೂ 1,20,000. ಇವು ಒಟ್ಟು 7,10,000 ರೂಪಾಯಿ. ಉಳಿದ 90,000ದ ಲೆಕ್ಕವು ಯಾರಿಗೂ ಗೊತ್ತಿಲ್ಲ.

ಕಿರಿಯ ಮಗನು ದೊಡ್ಡವನಾಗಿ, 90,000 ರೂಪಾಯಿಗೆ ಅವಶ್ಯಕತೆ ತೋರಿಲ್ಲವಾದುದರಿಂದ ಕ್ರಯವು ತನ್ನನ್ನು ಬಂಧಿಸುವುದಿಲ್ಲವೆಂದು ವಾದಿಸಿದರೆ ಅದು ನಿಲ್ಲಲಾರದು. ಜಮೀನನ್ನು ಬೇಕಾದಷ್ಟೇ ರೂಪಾಯಿಗೆ ಸರಿಯಾಗಿ ಕತ್ತರಿಸಿ ಮಾರಲು ಬಾರದು. ಇದೇ ರೀತಿಯ ಸಂಗತಿಯಲ್ಲಿ, 3,500 ರೂಪಾಯಿಗಳ ಕ್ರಯದಲ್ಲಿ 3,000ಕ್ಕೆ ಮಾತ್ರ ಅವಶ್ಯಕತೆಯು ತೋರಿಬಂದಿದ್ದಾಗ, ಪ್ರಿವಿ ಕೌನ್ಸಿಲ್ 1927ರಲ್ಲಿ ಆ ಕ್ರಯವನ್ನು ಊರ್ಜಿತಗೊಳಿಸಿತು. ಕೇಳಬೇಕಾದ ಪ್ರಶ್ನೆಯು ಪ್ರತಿಯೊಂದು ರೂಪಾಯಿಯೂ ಎಲ್ಲಿಗೆ ಹೋಯಿತೆಂಬುದಲ್ಲ. ಆ ಮಾರಾಟವೇ ಅವಶ್ಯಕವಾಗಿತ್ತೇ ಎಂಬುದು.

ಉದಾಹರಣೆಯನ್ನು ಸ್ವಲ್ಪ ಬದಲಾಯಿಸಿದರೆ ಫಲವೂ ಬದಲಾಗುವುದು. ಸಂಘದ ಸಾಲವೂ ಚಿಕಿತ್ಸೆಯ ಸಾಲವೂ ಇಲ್ಲದೆ, ಕುಟುಂಬಕ್ಕೆ ಬೇಕಾಗಿದ್ದುದು 1,20,000 ರೂಪಾಯಿ ಮಾತ್ರವಾಗಿದ್ದು, ಉಳಿದುದನ್ನು ಯಜಮಾನನು ಬಾವಮೈದುನನ ಲಾರಿಯ ವ್ಯವಹಾರಕ್ಕೆ ಕೊಟ್ಟನೆಂದಿಟ್ಟುಕೊಂಡರೆ, 20 ಗುಂಟೆ ತೋಟವನ್ನು ಮಾರುವ ಅಗತ್ಯವೇ ಇರಲಿಲ್ಲ. ಅಷ್ಟು ಹಣವನ್ನು ಒಂದು ವರ್ಷದ ಅಡಿಕೆಯ ಮೇಲೆಯೇ ಸಾಲವಾಗಿ ಪಡೆಯಬಹುದಾಗಿತ್ತು. ಇಂತಹ ಕ್ರಯವನ್ನು ನ್ಯಾಯಾಲಯವು ರದ್ದುಪಡಿಸಿ, ನಿಜವಾಗಿ ಕುಟುಂಬಕ್ಕೆ ಸಂದ 1,20,000 ರೂಪಾಯಿಗಳನ್ನು ಕೊಂಡವನಿಗೆ ಹಿಂದಕ್ಕೆ ಕೊಡುವಂತೆ ಷರತ್ತು ಹಾಕಬಹುದು. ಅವಶ್ಯಕತೆಯು ಪೂರ್ತಿಯಾಗಿದ್ದರೂ 8,00,000 ಬೆಲೆಬಾಳುವ ತೋಟವನ್ನು 4,00,000ಕ್ಕೆ ಬಿಟ್ಟುಕೊಟ್ಟಿದ್ದರೆ ಆಗಲೂ ಕ್ರಯವು ಅಪಾಯದಲ್ಲಿರುವುದು. ಏಕೆಂದರೆ ಯಜಮಾನನು ವಿವೇಕಿಯಾದ ಒಡೆಯನಂತೆ ನಡೆಯಬೇಕೆಂಬುದು ಬೆಲೆಗೂ ಅನ್ವಯಿಸುವುದು.

ನೆರೆಯವನು ಈ ಕೊಳ್ಳುವಿಕೆಯಲ್ಲಿ ಮಾಡಬೇಕಾಗಿದ್ದ ವಿಚಾರಣೆಯು ಕಷ್ಟದ್ದೇನೂ ಅಲ್ಲ. ಸಂಘಕ್ಕೆ ಹೋಗಿ ಸಾಲದ ಬಾಕಿಯನ್ನೂ ನೋಟೀಸನ್ನೂ ನೋಡುವುದು, ಆಸ್ಪತ್ರೆಯ ಬಿಲ್ಲುಗಳ ನಕಲನ್ನು ಕೇಳಿ ಪಡೆಯುವುದು, ವಂಶವೃಕ್ಷವನ್ನು ತರಿಸಿ ಮನೆಯಲ್ಲಿ ಯಾರಾರಿದ್ದಾರೆಂದು ತಿಳಿಯುವುದು, ಸಾಧ್ಯವಾದರೆ ಸಂಘದ ಬಾಕಿಯ ಹಣವನ್ನು ಯಜಮಾನನ ಕೈಗೆ ಕೊಡದೆ ನೇರವಾಗಿ ಸಂಘಕ್ಕೇ ಕಟ್ಟಿ ರಶೀದಿಯನ್ನು ಇಟ್ಟುಕೊಳ್ಳುವುದು. ಇದರ ಬದಲು ಪತ್ರಬರಹಗಾರರು ರೂಢಿಯಂತೆ ಬರೆಯುವ ‘ಕುಟುಂಬದ ಕಷ್ಟಕಾಲದ ಖರ್ಚಿನ ಬಗ್ಗೆ’ ಎಂಬ ಒಕ್ಕಣೆಯನ್ನು ನಂಬಿ ಕುಳಿತರೆ ಸಾಲದು. ಅಂತಹ ಒಕ್ಕಣೆಯು ಯಜಮಾನನ ಮಾತು ಮಾತ್ರವಾಗಿರುವುದರಿಂದ ಇತರ ಪಾಲುದಾರರನ್ನು ತಾನಾಗಿಯೇ ಬಂಧಿಸಲಾರದು. ಯಾವ ಸಾಲ, ಯಾರಿಗೆ, ಎಷ್ಟು, ಯಾವ ತಾರೀಖಿನದು ಎಂದು ವಿವರವಾಗಿ ಬರೆಯಿಸಿ, ಅದಕ್ಕೆ ಹೊಂದುವ ಕಾಗದಗಳನ್ನು ಪತ್ರದೊಂದಿಗೆ ಇಟ್ಟುಕೊಂಡರೆ ಮಾತ್ರ ಅದಕ್ಕೆ ಬಲವುಂಟು.

ಇಲ್ಲಿ ಗ್ರಾಮದ ಮುಖ್ಯಸ್ಥರಿಗೆ ಸಂಬಂಧಪಟ್ಟ ಮಾತೊಂದಿದೆ. ಪ್ರಾಯಕ್ಕೆ ಬಂದ ಪಾಲುದಾರರೆಲ್ಲರೂ ವಿಷಯವನ್ನು ತಿಳಿದು ಕ್ರಯಕ್ಕೆ ಒಪ್ಪಿದ್ದಲ್ಲಿ, ಅವಶ್ಯಕತೆಯಿತ್ತೆಂದು ಊಹಿಸಲು ಅದು ಒಳ್ಳೆಯ ಆಧಾರ. ಆದರೆ ಹಿರಿಯ ಮಗನಿಂದ ಕೇವಲ ಸಾಕ್ಷಿಯಾಗಿ ರುಜು ಹಾಕಿಸಿದರೆ ಒಪ್ಪಿಗೆಯಾಯಿತೆಂದು ತಿಳಿಯುವುದು ತಪ್ಪು. ಸಾಕ್ಷಿಯು ಬರೆದುಕೊಟ್ಟವನ ರುಜುವಿಗೆ ಸಾಕ್ಷಿಯೇ ಹೊರತು ಪತ್ರದ ಒಳಗಿನ ವಿಷಯಕ್ಕಲ್ಲ. ಅವನ ಒಪ್ಪಿಗೆ ಬೇಕಾದರೆ ಅವನನ್ನೂ ಬರೆದುಕೊಡುವವರಲ್ಲಿ ಸೇರಿಸತಕ್ಕದ್ದು. ಅಪ್ರಾಪ್ತ ವಯಸ್ಕನಾದ ಕಿರಿಯ ಮಗನ ವಿಷಯದಲ್ಲಿ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕೇ ಎಂದು ಅನೇಕರು ಕೇಳುವರು. ಅವಿಭಕ್ತ ಸ್ವತ್ತನ್ನು ಯಜಮಾನನು ಯಜಮಾನನಾಗಿ ಮಾರುವಾಗ 1956ರ ಅಪ್ರಾಪ್ತ ವಯಸ್ಕರ ಕಾಯಿದೆಯ ಮೇರೆಗೆ ಅಂತಹ ಅನುಮತಿ ಬೇಕಿಲ್ಲವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ. ಮೇಲೆ ಹೇಳಿದಂತೆ ವಾರಸಿನಿಂದ ಪ್ರತ್ಯೇಕವಾಗಿ ಬಂದ ಪಾಲಿಗಾದರೆ ಅನುಮತಿಯು ಅವಶ್ಯವಾಗಿ ಬೇಕು.

ಮಾರುವ ಅಧಿಕಾರವಿದೆಯೆಂದು ದಾನದ ಅಧಿಕಾರವೂ ಇದೆಯೆಂದು ಭಾವಿಸಬಾರದು. ಧರ್ಮಕಾರ್ಯಕ್ಕೆ ಸ್ವತ್ತಿನ ಅಳತೆಗೆ ತಕ್ಕಂತೆ ಸ್ವಲ್ಪ ಭಾಗವನ್ನೂ, ಮಗಳಿಗೆ ಮಿತವಾದ ಭಾಗವನ್ನೂ ಕೊಡಬಹುದು. ಪ್ರೀತಿವಿಶ್ವಾಸದಿಂದ ಇತರರಿಗೆ ಕೊಟ್ಟುದು ನಿಲ್ಲುವುದಿಲ್ಲ. ಕರ್ನಾಟಕದ ಒಂದು ಕುಟುಂಬದಲ್ಲಿ ತಂದೆಯು ತನ್ನ ಆಶ್ರಯದಲ್ಲಿ ಬೆಳೆದವನಿಗೆ 1980ರಲ್ಲಿ ಬರೆದುಕೊಟ್ಟ ಪತ್ರವನ್ನು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ 19ರಂದು ಅನೂರ್ಜಿತವೆಂದು ತೀರ್ಮಾನಿಸಿತು. ಧರ್ಮಾರ್ಥವೆಂಬ ಮಾತಿನಲ್ಲಿ ವಾತ್ಸಲ್ಯವು ಸೇರುವುದಿಲ್ಲವೆಂಬುದು ಅದರ ಸಾರ. ವಿಭಾಗಕ್ಕಾಗಿ ದಾವೆ ಹೂಡಿ ಕುಟುಂಬವು ಬೇರೆಯಾದ ಮೇಲೆ, ಅಳತೆಮಾಡಿ ಹಂಚಿಕೊಳ್ಳುವುದು ಬಾಕಿಯಿದ್ದರೂ, ಇತರರ ಪಾಲನ್ನು ಬಂಧಿಸುವ ಅಧಿಕಾರವು ಯಜಮಾನನಿಗೆ ಉಳಿಯುವುದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಹಳೆಯ ಮೈಸೂರು ಸಂಸ್ಥಾನವು 1933ರ ಕಾಯಿದೆಯಿಂದಲೇ ವಿಭಾಗಕಾಲದಲ್ಲಿ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಸ್ವಲ್ಪ ಪಾಲನ್ನು ಕೊಟ್ಟಿತು. ಕರ್ನಾಟಕದಲ್ಲಿ 1994ರಿಂದ, ಅದಕ್ಕೆ ಮೊದಲು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳೊಂದಿಗೆ ಸಮಾನವಾದ ಹಕ್ಕು ಬಂದಿತು. 2005ರ ಸೆಪ್ಟೆಂಬರ್ 9ರಿಂದ ದೇಶವಿಡೀ ಮದುವೆಯಾದವರಿಗೂ ಆಗದವರಿಗೂ ಅದು ವಿಸ್ತರಿಸಿತು. ತಂದೆಯು ಆ ದಿನ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟ್ 11ರ ತೀರ್ಪು ತಿಳಿಸಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ಪರಭಾರೆಗಳನ್ನು ಈ ಹೊಸ ಹಕ್ಕಿನ ಮೇಲೆ ಕೆದಕಲಾಗದು. ಉದಾಹರಣೆಯಲ್ಲಿನ ಕ್ರಯವು 2015ರದಾದುದರಿಂದ ಸಿದ್ದಾಪುರದ ಮಗಳೂ ಅಣ್ಣತಮ್ಮಂದಿರಂತೆಯೇ ಅದನ್ನು ಪ್ರಶ್ನಿಸಬಲ್ಲಳು. ವಂಶವೃಕ್ಷದಲ್ಲಿ ಗಂಡುಮಕ್ಕಳನ್ನಷ್ಟೇ ಬರೆಯಿಸುವ ಹಳೆಯ ಅಭ್ಯಾಸವು ಇಂದು ಕೊಳ್ಳುವವನಿಗೇ ಹಾನಿಕರ. ಅದೇ 2005ರ ತಿದ್ದುಪಡಿಯು ಸಾಲದ ವಿಷಯದಲ್ಲಿಯೂ ಬದಲಾವಣೆ ತಂದಿದೆ. ಮೊದಲು ತಂದೆಯ ಸ್ವಂತ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಕಾರಣದಿಂದ, ದುರ್ವ್ಯಸನದ ಸಾಲವಲ್ಲದಿದ್ದರೆ, ಕುಟುಂಬದ ಸ್ವತ್ತು ಅದಕ್ಕೆ ಒಳಪಡುತ್ತಿತ್ತು. ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ ಆ ಕಾರಣವೊಂದನ್ನೇ ಹೇಳಿ ಮಗನನ್ನು ಹಿಡಿಯುವಂತಿಲ್ಲ. ಆದುದರಿಂದ ಸಾಲವು ತಂದೆಯದೋ ಕುಟುಂಬದ್ದೋ ಎಂಬ ವಿಚಾರಣೆಯು ಈಗ ಮೊದಲಿಗಿಂತ ಹೆಚ್ಚು ಅಗತ್ಯವಾಗಿದೆ.

ಯಜಮಾನನು ಮಾರಲು ಹೊರಟಿರುವನೆಂದು ತಿಳಿದ ಮಗನು ಅವನನ್ನು ಮೊದಲೇ ತಡೆಯುವಂತೆ ನ್ಯಾಯಾಲಯದ ಆಜ್ಞೆಯನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯದು. ಅವಶ್ಯಕತೆಯನ್ನು ಮೊದಲು ನಿರ್ಧರಿಸತಕ್ಕವನು ಯಜಮಾನನೇ ಆದುದರಿಂದ, ಕ್ರಯವಾದ ಮೇಲೆ ಅದನ್ನು ಪ್ರಶ್ನಿಸಬೇಕೆಂದು 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ವಿಭಾಗವನ್ನೇ ಕೇಳುವ ಹಕ್ಕು ಅವನಿಗೆ ಇದ್ದೇ ಇದೆ. ಕ್ರಯದ ಕಾಲದಲ್ಲಿ ಹುಟ್ಟಿದ್ದವರೂ ಗರ್ಭದಲ್ಲಿದ್ದವರೂ ಅದನ್ನು ಪ್ರಶ್ನಿಸಬಹುದು. ಆಮೇಲೆ ಹುಟ್ಟಿದ ಮಗುವಿಗೆ ಆ ಹಕ್ಕು ಸಾಮಾನ್ಯವಾಗಿ ಇಲ್ಲ. ತಂದೆಯು ಮಾಡಿದ ಪರಭಾರೆಯನ್ನು ರದ್ದುಪಡಿಸಲು 1963ರ ಕಾಲಪರಿಮಿತಿ ಕಾಯಿದೆಯ 109ನೆಯ ವಿಧಿಯು 12 ವರ್ಷಗಳ ಅವಧಿಯನ್ನಿತ್ತಿದೆ. ಅದನ್ನು ಎಣಿಸತಕ್ಕದ್ದು ಪತ್ರದ ತಾರೀಖಿನಿಂದಲ್ಲ, ಕೊಂಡವನು ಸ್ವಾಧೀನಕ್ಕೆ ಬಂದ ದಿನದಿಂದ. ಅಪ್ರಾಪ್ತ ವಯಸ್ಕನಿಗೆ ಪ್ರಾಯಕ್ಕೆ ಬಂದ ಮೇಲೆ 3 ವರ್ಷಗಳವರೆಗೆ ಅವಕಾಶವಿದ್ದು, ಎರಡರಲ್ಲಿ ಯಾವುದು ತಡವಾಗಿ ಮುಗಿಯುವುದೋ ಅದು ಅವನಿಗೆ ದೊರೆಯುವುದು. ಉದಾಹರಣೆಯ ಕಿರಿಯ ಮಗನು 2022ರಲ್ಲಿ 18 ತುಂಬಿದವನಾದುದರಿಂದ ಅವನ 3 ವರ್ಷಗಳು 2025ಕ್ಕೆ ಮುಗಿದರೂ, ನೆರೆಯವನು 2015ರಲ್ಲಿಯೇ ತೋಟಕ್ಕೆ ಬಂದಿದ್ದರೆ 12 ವರ್ಷಗಳು 2027ರವರೆಗೆ ನಡೆಯುವುವು. ಕ್ರಯದ ಕಾಲದಲ್ಲಿ ಅವನು 2 ವರ್ಷದ ಮಗುವಾಗಿದ್ದರೆ ಅವನಿಗೆ 2034ರವರೆಗೂ ಕಾಲವಿರುತ್ತಿತ್ತು. ಕೊಂಡವನು ಸಂಘದ ರಶೀದಿಯನ್ನೂ ನೋಟೀಸಿನ ನಕಲನ್ನೂ ಅಲ್ಲಿಯವರೆಗೆ ಗೆದ್ದಲು ಹಿಡಿಯದಂತೆ ಇಟ್ಟುಕೊಂಡಿರಬೇಕಾಗುವುದು.